ಉಸಿರಿನ ಜೊತೆ ಏರಿಳಿಯುವ ನಾಡಿ

ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ಐದು ಸೆಕೆಂಡ್ ನಿಧಾನವಾಗಿ ಉಸಿರೆಳೆದುಕೊಳ್ಳಿ, ಐದು ಸೆಕೆಂಡ್ ಬಿಡಿ. ಎಳೆದುಕೊಳ್ಳುವಾಗ ಬಡಿತಗಳು ಒತ್ತೊತ್ತಾಗಿ ಬರುತ್ತವೆ, ಬಿಡುವಾಗ ನಡುವಿನ ಬಿಡುವು ಹಿಗ್ಗುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಎದ್ದು ಕಾಣುತ್ತದೆ. ಇಸಿಜಿ ವರದಿಯಲ್ಲಿ ‘ಸೈನಸ್ ಅರಿತ್ಮಿಯಾ’ ಎಂದು ಓದಿ ಗಾಬರಿಯಾಗುವ ಹೆತ್ತವರಿಗೆ ಹೇಳಬೇಕಾದ ಮಾತಿದು: ಉಸಿರಿನೊಂದಿಗೆ ಏರಿಳಿಯುವ ಈ ಬಗೆ ಕಾಯಿಲೆಯಲ್ಲ. ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ಇದನ್ನು ಪ್ರಾಣಿಗಳಲ್ಲಿ ದಾಖಲಿಸಿದ್ದರು.

ಉಸಿರಾಟ ರಕ್ತವನ್ನೂ ಓಡಿಸುತ್ತದೆ. ದೇಹವೆಲ್ಲ ಸುತ್ತಿ ಅಭಿಧಮನಿಗಳ ಮೂಲಕ ಹೃದಯಕ್ಕೆ ಮರಳುವ ಹೊತ್ತಿಗೆ ರಕ್ತದ ಒತ್ತಡ ಬಹುತೇಕ ಸೊನ್ನೆಗೆ ಇಳಿದಿರುತ್ತದೆ. ಆಗ ಸಣ್ಣ ಸೆಳೆತವೂ ಲೆಕ್ಕಕ್ಕೆ ಬರುತ್ತದೆ. ಉಸಿರು ಬಿಟ್ಟಾಗ ಎದೆಗೂಡಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 4 ಮಿಲಿಮೀಟರ್ ಪಾದರಸದಷ್ಟು ಕಡಿಮೆ ಇರುತ್ತದೆ. ಎಳೆದುಕೊಂಡಾಗ ಸುಮಾರು 6ರಷ್ಟು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ವಪೆ ಕೆಳಗಿಳಿದು ಹೊಟ್ಟೆಯನ್ನು ಒತ್ತುತ್ತದೆ. ಕೆಳಗಿನಿಂದ ತಳ್ಳು, ಮೇಲಿನಿಂದ ಸೆಳೆತ: ಹೊಟ್ಟೆಯ ದೊಡ್ಡ ಅಭಿಧಮನಿಯ ರಕ್ತ ಹೃದಯದ ಬಲಭಾಗಕ್ಕೆ ನುಗ್ಗುತ್ತದೆ. ಅದು ಕಾಲಿನತ್ತ ಹಿಂದಿರುಗದಂತೆ ಕಾಲಿನ ಅಭಿಧಮನಿಗಳ ಕವಾಟಗಳು ತಡೆಯುತ್ತವೆ. ಉಸಿರು ಬಿಟ್ಟಾಗ ಹೊಟ್ಟೆಯ ಒತ್ತಡ ಇಳಿದು, ಕಾಲಿನ ರಕ್ತ ಮೇಲೇರುತ್ತದೆ. ಆದರೆ ಜೋರಾಗಿ ಎಳೆದಷ್ಟೂ ರಕ್ತ ಹೆಚ್ಚು ಬರುವುದಿಲ್ಲ. ಸೆಳೆತ ಮಿತಿಮೀರಿದರೆ ಎದೆಯ ಬಾಗಿಲಲ್ಲೇ ಅಭಿಧಮನಿಯ ಮೆತ್ತನೆಯ ಗೋಡೆಗಳು ಅಂಟಿಕೊಳ್ಳುತ್ತವೆ.

ರಕ್ತ ತುಂಬಿ ಹಿಗ್ಗಿದ ಬಲ ಹೃತ್ಕರ್ಣ ಬಡಿತವನ್ನು ತುಸು ಚುರುಕುಗೊಳಿಸುತ್ತದೆ, ನಿಜ. ಆದರೆ ಮುಖ್ಯ ಕೆಲಸ ವೇಗಸ್ ನರದ್ದು. ತನ್ನಷ್ಟಕ್ಕೆ ಬಿಟ್ಟರೆ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಅದನ್ನು 70ರ ಆಸುಪಾಸಿಗೆ ತರುವುದು ಈ ನರದ ಹಿಡಿತ. ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ‘ಎಳೆ’ ಎಂಬ ಸಂಕೇತ ಕಳಿಸುವಾಗಲೇ ಆ ಹಿಡಿತವನ್ನು ಸಡಿಲಿಸುತ್ತದೆ. ಕಸಿ ಮಾಡಿದ ಹೃದಯದಲ್ಲಿ ನರ ತುಂಡಾಗಿರುವುದರಿಂದ ಏರಿಳಿತ ತೀರಾ ಅಲ್ಪವಾಗಿ ಉಳಿಯುತ್ತದೆ.

ಮಧುಮೇಹ ನರಗಳನ್ನು ತಿಂದಿದೆಯೇ ಎಂದು ನೋಡಲು ವೈದ್ಯರು ಇದನ್ನೇ ಬಳಸುತ್ತಾರೆ. ರೋಗಿಯನ್ನು ಮಲಗಿಸಿ, ನಿಮಿಷಕ್ಕೆ ಆರು ಸಲ ಆಳವಾಗಿ ಉಸಿರಾಡಿಸುತ್ತ ಇಸಿಜಿ ತೆಗೆಯುತ್ತಾರೆ. ಆರೋಗ್ಯವಂತ ತರುಣನ ಬಡಿತ ಎಳೆದುಕೊಳ್ಳುವಾಗ 82, ಬಿಡುವಾಗ 62 ಎಂದಿಟ್ಟುಕೊಳ್ಳಿ, ವ್ಯತ್ಯಾಸ 20. ಹಳೆಯ ಮಧುಮೇಹಿಯೊಬ್ಬರಲ್ಲಿ 88 ಮತ್ತು 84 ಬಂದರೆ ಬರೀ 4. ಸಾಮಾನ್ಯವಾಗಿ 15ಕ್ಕಿಂತ ಹೆಚ್ಚಿದ್ದರೆ ನೆಮ್ಮದಿ, 10ಕ್ಕಿಂತ ಕಡಿಮೆಯಾದರೆ ವೇಗಸ್ ನರ ಸೊರಗಿರಬಹುದೆಂಬ ಅನುಮಾನ. ವಯಸ್ಸಾದಂತೆ ಈ ಅಂತರ ತಾನಾಗಿಯೇ ಕುಗ್ಗುವುದರಿಂದ ಅರವತ್ತು ದಾಟಿದವರನ್ನು ಇಪ್ಪತ್ತರವರ ಅಳತೆಯಲ್ಲಿ ತೂಗಬಾರದು.

ನಾಡಿ ಉಸಿರಿನ ತಾಳಕ್ಕೆ ಸಿಗದೆ ಅಡ್ಡಾದಿಡ್ಡಿ ಓಡುತ್ತಿದ್ದರೆ, ಅದರಲ್ಲೂ ವಯಸ್ಸಾದವರಲ್ಲಿ, ಅದು ಬೇರೆಯೇ ವಿಷಯ. ಹೃತ್ಕರ್ಣ ಅದುರುವ ಕಾಯಿಲೆ ಇರಬಹುದು; ಇಸಿಜಿ ಮಾಡಿಸಬೇಕು.