ಗಡಿಯಾರದ ಗಾಜು: ಗೀರು ಬೇರೆ, ಒಡಕು ಬೇರೆ

ಕೈಗಡಿಯಾರದ ಗಾಜಿನ ಮೇಲೆ ಗೀರು ಮೂಡಿಸುವುದು ಹೆಚ್ಚಾಗಿ ಕಬ್ಬಿಣವಲ್ಲ, ದೂಳು. ರಸ್ತೆಯ ದೂಳಿನಲ್ಲಿ, ಗಾರೆ ಗೋಡೆಯಲ್ಲಿ ಸ್ಫಟಿಕದ ಮರಳಿನ ಕಣಗಳಿರುತ್ತವೆ. ಮೋಸ್ ಮಾಪನದಲ್ಲಿ ಅವುಗಳ ಗಡಸುತನ 7. ಮಿನರಲ್ ಗ್ಲಾಸಿನದು ಸುಮಾರು 5.5ರಿಂದ 6. ಹಾಗಾಗಿ ದೂಳು ಕೂತ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರೂ ಸಣ್ಣ ಗೆರೆಗಳು ಬೀಳುತ್ತವೆ. ಪ್ರಯೋಗಾಲಯದಲ್ಲಿ ತಯಾರಾಗುವ ಸಫೈರ್‌ನ ಗಡಸುತನ 9. ಮರಳು ಅದನ್ನು ಗೀರಲಾರದು. ವಜ್ರ ಅಥವಾ ಉಜ್ಜುಕಾಗದದ ಗಡಸು ಪುಡಿ ಗೀರಬಲ್ಲದು.

ಆದರೆ ಗಡಸು ಎಂದರೆ ಗಟ್ಟಿಮುಟ್ಟು ಎಂದಲ್ಲ. ಗ್ರಾನೈಟ್ ನೆಲದ ಮೇಲೆ ಅಂಚು ತಾಗುವಂತೆ ಬಿದ್ದರೆ ಸಫೈರ್ ಚೂರಾಗಬಹುದು. ರಿಪೇರಿ ಖರ್ಚು ಏರುವುದು ಇಲ್ಲೇ. ಗಡಸು ಚೂರುಗಳು ಡಯಲನ್ನು ಗೀರುತ್ತವೆ, ಮುಳ್ಳುಗಳ ಸಂದಿಯಿಂದ ಒಳಗಿನ ಚಕ್ರಗಳಿಗೂ ಇಳಿಯುತ್ತವೆ. ಆಗ ಯಂತ್ರವನ್ನೇ ಬಿಚ್ಚಿ ತೊಳೆಯಬೇಕು. ಒಡೆದ ಮೇಲೆ ಗಡಿಯಾರವನ್ನು ಅಲ್ಲಾಡಿಸಬೇಡಿ, ಕೀ ಕೊಡಬೇಡಿ.

ಚಪ್ಪಟೆ, ದುಂಡನೆಯ ಮಿನರಲ್ ಗ್ಲಾಸನ್ನು ಬಡಾವಣೆಯ ವಾಚ್ ಅಂಗಡಿಯಲ್ಲೇ ಕೆಲವು ನೂರು ರೂಪಾಯಿಗೆ ಬದಲಿಸಬಹುದು. ಸಫೈರ್‌ಗೆ ಹಲವು ಸಾವಿರವೂ ಆಗಬಹುದು. ಬಾಗಿದ ಗಾಜಾದರೆ ಕಂಪನಿಯ ಬಿಡಿಭಾಗವೇ ಬೇಕಾದೀತು. ಎರಡರಲ್ಲೂ ಸುತ್ತಲಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಉಂಗುರವನ್ನು ಹೊಸದಾಗಿ ಹಾಕಿಸಿ, ನೀರು ನುಗ್ಗದಂತೆ ಒತ್ತಡ ಪರೀಕ್ಷೆ ಮಾಡಿಸಿ.

ನನ್ನ ಮಟ್ಟಿಗೆ, ದಿನವೂ ಧರಿಸುವ ಒಳ್ಳೆಯ ಗಡಿಯಾರಕ್ಕೆ ಸಫೈರ್ ಸರಿ. ಎರಡು ಸಾವಿರದ ಗಡಿಯಾರಕ್ಕೆ ಮಿನರಲ್ ಗ್ಲಾಸೇ ಸಾಕು.