ಹೆಸೆದ್: ಕೃಪೆಯೋ, ನಿಷ್ಠೆಯೋ?

ಕಡಬ, ನೆಲ್ಯಾಡಿ ಕಡೆಯ ಕ್ರೈಸ್ತರು 136ನೇ ಕೀರ್ತನೆಯನ್ನು ಮಲಯಾಳದ ‘ಸತ್ಯವೇದಪುಸ್ತಕ’ದಲ್ಲಿ ಓದಿದರೆ ‘ದಯೆ’ ಸಿಗುತ್ತದೆ, ಕನ್ನಡ ಬೈಬಲಿನಲ್ಲಿ ‘ಕೃಪೆ’. ಹೀಬ್ರೂ ಮೂಲದಲ್ಲಿರುವುದು ಒಂದೇ ಪದ, ಹೆಸೆದ್. 26 ವಚನಗಳಲ್ಲೂ ಅದೇ ಪಲ್ಲವಿ. ಕೃಪೆ ಎಂದರೆ ದೊಡ್ಡವರು ಮನಸ್ಸಾದಾಗ ತೋರುವಂಥದ್ದು, ತೋರದಿದ್ದರೆ ಕೇಳುವಂತಿಲ್ಲ. ಹೆಸೆದ್ ಹಾಗಲ್ಲ. 89ನೇ ಕೀರ್ತನೆಯಲ್ಲಿ ಸೋತು ನೊಂದವರು, ದಾವೀದನಿಗೆ ಆಣೆಯಿಟ್ಟ ಹೆಸೆದ್ ಎಲ್ಲಿ ಹೋಯಿತೆಂದು ದೇವರನ್ನೇ ಕೇಳುತ್ತಾರೆ. ಕೊಟ್ಟ ಮಾತು ಇರುವುದರಿಂದಲೇ ಹಾಗೆ ಕೇಳಲು ಸಾಧ್ಯ.

ಹಾಗಾದರೆ ‘ನಿಷ್ಠೆ’ ಎಂದರೆ ಸಾಲದೇ? 1927ರಲ್ಲಿ ವಿದ್ವಾಂಸ ನೆಲ್ಸನ್ ಗ್ಲೂಕ್ ಒಡಂಬಡಿಕೆಯ ಕರ್ತವ್ಯಕ್ಕೇ ಒತ್ತು ಕೊಟ್ಟರು. ಆದರೆ 136ರ 25ನೇ ವಚನದಲ್ಲಿ ಅದೇ ಹೆಸೆದ್ ಇಸ್ರೇಲಿನ ಎಲ್ಲೆ ಮೀರಿ ಸಕಲ ಜೀವಿಗಳಿಗೂ ಅನ್ನ ಕೊಡುತ್ತದೆ. ಬರೀ ಕರ್ತವ್ಯ ಅಷ್ಟು ದೂರ ಹೋಗದು. ‘ಮಾತಿಗೆ ತಪ್ಪದ ಪ್ರೀತಿ’ ಎಂದರೆ ಅರ್ಥ ಹತ್ತಿರ ಬರುತ್ತದೆ, ಪಲ್ಲವಿ ಭಾರವಾಗುತ್ತದೆ. ಅನುವಾದಕರ ಕಷ್ಟ ಇರುವುದು ಇಲ್ಲೇ.