ಸ್ಟಾಪ್‌ಲಾಸ್ ಎಲ್ಲಿಡಬೇಕು? ಷೇರಿನ ಏರಿಳಿತವನ್ನೇ ಕೇಳಿ

ಷೇರು ಕೊಂಡ ಮೇಲೆ ಬೆಲೆ ಒಂದು ಮಟ್ಟಕ್ಕೆ ಇಳಿದರೆ ಮಾರಾಟವಾಗಲಿ ಎಂದು ಮೊದಲೇ ಕೊಟ್ಟಿಡುವ ಆದೇಶವೇ ಸ್ಟಾಪ್‌ಲಾಸ್. ಆ ಮಟ್ಟವನ್ನು ಅನೇಕರು ಎಲ್ಲ ಷೇರುಗಳಿಗೂ ಒಂದೇ ಸಮನೆ ಶೇ 5ರಷ್ಟು ಕೆಳಗೆ ಇಡುತ್ತಾರೆ. ತಪ್ಪಾಗುವುದು ಇಲ್ಲೇ.

ಎರಡು ಷೇರುಗಳಿವೆ ಎಂದುಕೊಳ್ಳಿ. ಎರಡರ ಬೆಲೆಯೂ 1,000 ರೂಪಾಯಿ. ಮೊದಲನೆಯದು ದಿನಕ್ಕೆ ಸರಾಸರಿ 12 ರೂಪಾಯಿ ಆಚೀಚೆ ಆಗುತ್ತದೆ, ಎರಡನೆಯದು 45 ರೂಪಾಯಿ. ಎರಡಕ್ಕೂ 950ಕ್ಕೆ ಸ್ಟಾಪ್‌ಲಾಸ್ ಇಟ್ಟರೆ, ಎರಡನೆಯದು ಯಾವ ಕೆಟ್ಟ ಸುದ್ದಿಯೂ ಇಲ್ಲದೆ ಒಂದೆರಡು ದಿನದಲ್ಲೇ ಅದನ್ನು ಮುಟ್ಟಿ, ಮತ್ತೆ ಮೇಲೇರಿಬಿಡಬಹುದು. ಮೊದಲನೆಯದು ಅಲ್ಲಿಗೆ ಇಳಿಯುವ ಹೊತ್ತಿಗೆ ನಾಲ್ಕು ದಿನದ ಏರಿಳಿತದಷ್ಟು ನಷ್ಟ ಆಗಿಹೋಗಿರುತ್ತದೆ.

ಈ ಏರಿಳಿತವನ್ನು ಅಳೆಯಲು ಅಮೆರಿಕದ ಜೆ. ವೆಲ್ಲೆಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೊಟ್ಟ ಅಳತೆಗೋಲೇ ಆವರೇಜ್ ಟ್ರೂ ರೇಂಜ್, ಅಂದರೆ ಎಟಿಆರ್. ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಯ ಅಂತರವಷ್ಟೇ ಅವರಿಗೆ ಸಾಕೆನಿಸಲಿಲ್ಲ. ನಿನ್ನೆ 1,000ಕ್ಕೆ ಮುಗಿದ ಷೇರು ಇಂದು 970ಕ್ಕೇ ಶುರುವಾಗಿ 985 ಮತ್ತು 960ರ ನಡುವೆ ಆಡಿದರೆ ದಿನದ ಅಂತರ 25 ರೂಪಾಯಿ ಮಾತ್ರ. ನಿನ್ನೆ ಕೊಂಡವನು ಕಂಡ ಇಳಿಕೆ 40. ಆದ್ದರಿಂದ ನಿನ್ನೆಯ ಮುಕ್ತಾಯದ ಬೆಲೆಯನ್ನೂ ಸೇರಿಸಿಕೊಂಡು ಅತಿ ದೊಡ್ಡ ಅಂತರವನ್ನೇ ಹಿಡಿಯಬೇಕು. ಸಾಮಾನ್ಯವಾಗಿ 14 ದಿನಗಳಿಗೆ ಇದರ ಸರಾಸರಿ ತೆಗೆಯುತ್ತಾರೆ. ಚಾರ್ಟ್‌ನಲ್ಲಿ ATR ಆರಿಸಿದರೆ ಈ ಸಂಖ್ಯೆ ಸಿದ್ಧವಾಗಿಯೇ ಸಿಗುತ್ತದೆ.

ಇನ್ನು ಲೆಕ್ಕ ಸುಲಭ. ಕೊಂಡ ಬೆಲೆಯಿಂದ ಎಟಿಆರ್‌ನ ಎರಡು ಪಟ್ಟು ಕಳೆಯಿರಿ. ಮೊದಲ ಷೇರಿಗೆ 976, ಎರಡನೆಯದಕ್ಕೆ 910. 90 ರೂಪಾಯಿ ಇಳಿಯಲು ಬಿಡುವುದೆಂದರೆ ನಷ್ಟ ಹೆಚ್ಚಲ್ಲವೇ ಎಂದು ಕೇಳಬಹುದು. ಅದಕ್ಕೆ ಉತ್ತರ ಕೊಳ್ಳುವ ಸಂಖ್ಯೆಯಲ್ಲಿದೆ. ಒಂದು ವಹಿವಾಟಿನಲ್ಲಿ 1,800 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದೆಂದರೆ ಆ ಮೊತ್ತವನ್ನು ಸ್ಟಾಪ್‌ಲಾಸ್‌ನ ಅಂತರದಿಂದ ಭಾಗಿಸಿ. ಶಾಂತ ಷೇರನ್ನು 75 ಕೊಳ್ಳಬಹುದು, ಚಂಚಲವಾದದ್ದನ್ನು 20 ಮಾತ್ರ. ಸ್ಟಾಪ್‌ಲಾಸ್ ದೂರವಿದ್ದರೂ ನಷ್ಟದ ಮಿತಿ ಎರಡಕ್ಕೂ ಒಂದೇ.

ಎರಡು ಪಟ್ಟೇ ಆಗಬೇಕೆಂಬ ಕಟ್ಟಳೆಯಿಲ್ಲ. ಷೇರು ಮಾರಾಟವಾದ ಬೆನ್ನಿಗೇ ಬೆಲೆ ಚೇತರಿಸಿಕೊಳ್ಳುವುದು ಪದೇ ಪದೇ ಆಗುತ್ತಿದ್ದರೆ ಎರಡೂವರೆ ಅಥವಾ ಮೂರು ಪಟ್ಟು ಇಟ್ಟು ನೋಡಬೇಕು. ಕೊಳ್ಳುವ ಸಂಖ್ಯೆ ಅದಕ್ಕೆ ತಕ್ಕಂತೆ ಇಳಿಯಬೇಕು.

ಎಟಿಆರ್ ಹಿಂದಿನ ದಿನಗಳ ಸರಾಸರಿ. ನಾಳೆಯ ಸುದ್ದಿ ಅದಕ್ಕೆ ಗೊತ್ತಿರುವುದಿಲ್ಲ. ಫಲಿತಾಂಶದ ಮರುದಿನ ಷೇರು 910ರ ಬದಲು 880ಕ್ಕೇ ಶುರುವಾದರೆ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚೇ ನಷ್ಟವಾಗುತ್ತದೆ. ಕೊಂಡ ಮೇಲೆ ಬೆಲೆ ಬೀಳುತ್ತಿದ್ದಂತೆ ಎಟಿಆರ್ ಹಿಗ್ಗಬಹುದು. ಆಗ ಹೊಸ ಲೆಕ್ಕ ಹಾಕಿ ಸ್ಟಾಪ್‌ಲಾಸನ್ನು ಇನ್ನಷ್ಟು ಕೆಳಗೆ ಸರಿಸಿದರೆ 1,800ರ ಮಿತಿಗೆ ಅರ್ಥವೇ ಇರುವುದಿಲ್ಲ. ಬೆಲೆ ಏರಿದಾಗ ಅದನ್ನು ಮೇಲಕ್ಕೆ ತನ್ನಿ, ಕೆಳಕ್ಕೆ ಮಾತ್ರ ಎಂದೂ ಇಳಿಸಬೇಡಿ.